ನೀರೆಂದು ಕುಡಿದ ಮದಿರೆ

ಮದ್ಯದ ನಿಮಿತ್ತದಿಂದ ದ್ವಾರಾವತಿಗೆ ವಿನಾಶವಿದೆ ಎಂದು ತೀರ್ಥಂಕರ ನೇಮಿನಾಥರು ನುಡಿದಾಗ, ನಗರದ ಮದ್ಯವನ್ನೆಲ್ಲ ಹೊರಗೆ ಚೆಲ್ಲಿಸಲಾಯಿತು. ಆದರೆ ಅದು ಕದಂಬವನದ ಗುಂಡಿಗಳಲ್ಲಿ ನಿಂತಿತು. ವರ್ಷಗಳ ಬಳಿಕ ವನವಿಹಾರಕ್ಕೆ ಬಂದ ಯಾದವ ಕುಮಾರರು ಬಾಯಾರಿ, ಅದನ್ನು ನೀರೆಂದೇ ಕುಡಿದರು. ಮತ್ತೇರಿದ ಅವರು ದ್ವೀಪಾಯನ ಮುನಿಯನ್ನು ಕಲ್ಲಿನಿಂದ ಹೊಡೆದರು. ಮುನಿಯ ಕ್ರೋಧಾಗ್ನಿಯಲ್ಲಿ ನಗರವೇ ಬೆಂದಿತು. ಜಿನಸೇನಾಚಾರ್ಯರ ಹರಿವಂಶಪುರಾಣದಲ್ಲಿ ಬರುವ ಕಥೆಯಿದು. ಹೊರಗೆ ಚೆಲ್ಲಿದ ಮದ್ಯ ನೀರಿನ ವೇಷದಲ್ಲಿ ಮರಳಿತೆಂಬುದೇ ಇದರ ಮರ್ಮ.

ಇಂದಿನ ಮದ್ಯವೂ ಇದೇ ವೇಷದಲ್ಲಿ ಮನೆಯೊಳಗೆ ಬರುತ್ತದೆ. ಕೇಬಲ್ ಟಿ.ವಿ.ಯ ಜಾಹೀರಾತು ಸಂಹಿತೆಯು ಮದ್ಯದ ನೇರ ಹಾಗೂ ಪರೋಕ್ಷ ಪ್ರಚಾರವನ್ನು ನಿಷೇಧಿಸಿದೆ. ಆದ್ದರಿಂದ ಅದೇ ಹೆಸರು, ಅದೇ ಬಣ್ಣ, ಅದೇ ಲಾಂಛನವನ್ನು ಸೋಡಾ, ಕುಡಿಯುವ ನೀರು ಇಲ್ಲವೇ ಸಂಗೀತದ ಮೇಲೆ ಅಂಟಿಸಲಾಗುತ್ತದೆ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂತಹ ಬದಲಿ ಜಾಹೀರಾತುಗಳನ್ನು ತನ್ನ ಮಾರ್ಗಸೂಚಿಯಲ್ಲಿ ನಿಷೇಧಿಸಿತು. ಆದರೆ ಹೆಸರು ಮಾತ್ರ ಬೇರೆ ದಾರಿಯಲ್ಲೂ ಸಂಚರಿಸುತ್ತದೆ. 2008ರಲ್ಲಿ ಐಪಿಎಲ್ ಆರಂಭವಾದಾಗ ನಮ್ಮ ನಗರದ ತಂಡಕ್ಕೆ ‘ರಾಯಲ್ ಚಾಲೆಂಜರ್ಸ್’ ಎಂಬ ಹೆಸರು ಬಂದದ್ದು ಒಂದು ವಿಸ್ಕಿಯಿಂದ. ಬಿನ್ನಿಪೇಟೆಯ ಮನೆಯಲ್ಲಿ ತಂಡದ ಗೆಲುವಿಗೆ ಕುಣಿಯುವ ಬಾಲಕನಿಗೆ ಇದು ತಿಳಿದಿರಲಾರದು. ಅವನ ಕ್ರಿಕೆಟ್ ಪ್ರೀತಿ ನಿರ್ಮಲವಾದದ್ದೇ. ಆದರೆ ಆ ಪ್ರೀತಿಯ ಜೊತೆಗೆ ಒಂದು ಹೆಸರಿನ ಪರಿಚಯವೂ ಅವನಲ್ಲಿ ಬೆಳೆಯುತ್ತದೆ.

ಸಿನಿಮಾದ ರೀತಿ ಬೇರೆ. ನಾಯಕನು ಗೆದ್ದಾಗಲೂ ಪ್ರೇಮದಲ್ಲಿ ಸೋತಾಗಲೂ ಕುಡಿಯುತ್ತಾನೆ; ಪರದೆಯ ಮೂಲೆಯಲ್ಲಿ ಎಚ್ಚರಿಕೆಯ ಸಣ್ಣಕ್ಷರ, ನಡುವೆ ಹಾಡು ಮತ್ತು ಗೆಳೆಯರು. ನಟನ ಲೋಟದಲ್ಲಿರುವುದು ಸಾಮಾನ್ಯವಾಗಿ ಬಣ್ಣದ ಪಾನೀಯ; ಅದನ್ನು ನಂಬಿದ ಯುವಕನ ಲೋಟದಲ್ಲಿ ಮಾತ್ರ ನಿಜವಾದ ಮದ್ಯ. ಮರುದಿನದ ವಾಂತಿ, ಕರಗಿದ ಸಂಬಳ, ತಾಯಿಯ ಮೌನ ಇವು ಕಥೆಗೆ ಬೇಕಾದಾಗಷ್ಟೇ ತೆರೆಗೆ ಬರುತ್ತವೆ.

ಜೈನಾಚಾರ್ಯರು ಮದ್ಯವನ್ನು ಸಪ್ತವ್ಯಸನಗಳಲ್ಲಿ ಸೇರಿಸಿದರು. ಶ್ರಾವಕನ ಮೂಲಗುಣಗಳಲ್ಲಿ ಅದರ ತ್ಯಾಗವನ್ನು ಹೇಳಿದರು. ಅಮೃತಚಂದ್ರಾಚಾರ್ಯರು ಕೊಡುವ ಕಾರಣ ಸ್ಪಷ್ಟವಾಗಿದೆ: ಮದ್ಯವು ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ, ಮರೆತವನು ಅಳುಕಿಲ್ಲದೆ ಹಿಂಸೆಗಿಳಿಯುತ್ತಾನೆ. ಜಾಹೀರಾತು ಈ ಮೋಹವನ್ನು ಕುಡಿಯುವ ಮೊದಲೇ ಉಂಟುಮಾಡುತ್ತದೆ.

ಪಾಪಕ್ಕೆ ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳುಂಟು: ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು. ಮೊಬೈಲಿನಲ್ಲಿ ಕುಡಿತದ ರೀಲ್ಸ್‌ಗೆ ಒತ್ತುವ ‘ಲೈಕ್’ ಮೂರನೆಯದು. ಗೆಳೆಯನಿಗೆ ಅದನ್ನು ಕಳುಹಿಸುವುದು ಎರಡನೆಯದರ ಹೊಸ್ತಿಲು. ನಾವು ನಿಂತು ನೋಡಿದಷ್ಟೂ ಅಂಥದ್ದೇ ಇನ್ನಷ್ಟು ನಮ್ಮೆದುರಿಗೆ ಬರುತ್ತದೆ.

ಹಾಗಾದರೆ ವೇಷವನ್ನು ಗುರುತಿಸುವುದು ಹೇಗೆ? ಮಕ್ಕಳೊಡನೆ ಕುಳಿತು ಮೂರು ಪ್ರಶ್ನೆ ಕೇಳಿರಿ. ಈ ಸೋಡಾ ನಮ್ಮ ಬೀದಿಯ ಅಂಗಡಿಯಲ್ಲಿ ಸಿಗುತ್ತದೆಯೇ? ಅದರ ಹೆಸರು ಬೇರೆ ಯಾವ ಬಾಟಲಿಯ ಮೇಲಿದೆ? ಈ ದೃಶ್ಯದ ಮರುದಿನ ಬೆಳಿಗ್ಗೆ ಏನಾಗಿರಬಹುದು? ಯಾದವ ಕುಮಾರರು ಬಾಯಾರಿದ್ದರು, ಕೇಳಲಿಲ್ಲ. ಕುಡಿಯುವ ಮುನ್ನ ಸೋಸಿ ನೋಡುವುದು ಶ್ರಾವಕನ ಹಳೆಯ ಅಭ್ಯಾಸ. ನೀರಿಗಿರುವ ಆ ನಿಯಮ ಕಣ್ಣಿಗೂ ಇರಲಿ.