ಎಂಟು ಜೋಡಿಗಳಲ್ಲಿ ಒಂದು ಕಂಪನಿಯ ಭಾಷೆ

ಗೃಹಸಾಲ ಕೊಡುವ ಒಂದು ಕಂಪನಿ ಇದೆ ಎಂದುಕೊಳ್ಳಿ. ಅದರ ಶಾಖೆಗಳಿಂದ ಗ್ರಾಹಕರಿಗೆ ದಿನವೂ ಕನ್ನಡದಲ್ಲಿ ಪತ್ರ, ಮೆಸೇಜುಗಳು ಹೋಗುತ್ತವೆ. ಬರೆಯುವವರು ಹತ್ತಾರು ಮಂದಿ. ಭಾಷೆ ಮಾತ್ರ ಕಚೇರಿಯ ಹಳೇ ಕಡತದ್ದು. ಅದನ್ನು ಸರಳಗೊಳಿಸಲು ಕಂಪನಿ ಎಐ ಆಧಾರಿತ ತಿದ್ದುವ ಸಾಧನವೊಂದನ್ನು ತರುತ್ತದೆ. ‘ಸರಳವಾಗಿ, ಗೌರವದಿಂದ ಬರೆ’ ಎಂದು ಅದಕ್ಕೆ ಹೇಳಿದರೆ ಸಾಲದು. ಯಾರ ಸರಳತೆ, ಎಂಥ ಗೌರವ ಎನ್ನುವುದು ಆ ಮಾತಿನಲ್ಲಿಲ್ಲ. ಹೀಗಾಗಿ ನಿಯಮದ ಜೊತೆಗೆ ಕೆಲವು ಮಾದರಿಗಳನ್ನೂ ಕೊಡುತ್ತಾರೆ: ತಿದ್ದುವ ಮೊದಲು ಹೇಗಿತ್ತು, ತಿದ್ದಿದ ಮೇಲೆ ಹೇಗಾಯಿತು.

ಮೊದಲು: ತಮ್ಮ ಸಾಲ ಖಾತೆಯ ಪ್ರಸಕ್ತ ಮಾಹೆಯ ಕಂತು ಪಾವತಿಯಾಗದೇ ಇರುವುದನ್ನು ಈ ಮೂಲಕ ತಮ್ಮ ಅವಗಾಹನೆಗೆ ತರಲಾಗಿದೆ. ಸದರಿ ಕಂತನ್ನು ದಿನಾಂಕ 10ರೊಳಗಾಗಿ ಪಾವತಿಸತಕ್ಕದ್ದು. ತಪ್ಪಿದಲ್ಲಿ ದಂಡ ಶುಲ್ಕ ವಿಧಿಸಲಾಗುವುದು.

ನಂತರ: ನಿಮ್ಮ ಸಾಲದ ಈ ತಿಂಗಳ ಕಂತು ಇನ್ನೂ ಬಂದಿಲ್ಲ. ದಯವಿಟ್ಟು 10ನೇ ತಾರೀಖಿನೊಳಗೆ ಕಟ್ಟಿ. ತಡವಾದರೆ ದಂಡ ಶುಲ್ಕ ಹಾಕುತ್ತೇವೆ.

ಇಂಥ ಒಂದು ಜೋಡಿ ಹತ್ತು ನಿಯಮಗಳ ಕೆಲಸ ಮಾಡುತ್ತದೆ. ‘ತಮ್ಮ’ ಹೋಗಿ ‘ನಿಮ್ಮ’ ಬಂತು. ‘ವಿಧಿಸಲಾಗುವುದು’ ಎಂಬ ಕರ್ತೃವಿಲ್ಲದ ಮಾತಿನ ಜಾಗದಲ್ಲಿ ‘ಹಾಕುತ್ತೇವೆ’ ಎಂದು ಕಂಪನಿ ತನ್ನ ಹೊಣೆ ಒಪ್ಪಿತು. ‘ಸದರಿ’, ‘ಅವಗಾಹನೆ’ ಬಿದ್ದುಹೋದವು. ತಾರೀಖು, ಷರತ್ತು ಹಾಗೇ ಉಳಿದವು. ಭಾಷಾ ಮಾದರಿಗಳಿಗೆ ಹೀಗೆ ಬೆರಳೆಣಿಕೆಯ ಉದಾಹರಣೆ ತೋರಿಸಿಯೇ ಕೆಲಸ ಕಲಿಸಬಹುದು ಎಂಬುದು 2020ರಲ್ಲಿ ಓಪನ್‌ಎಐ ಸಂಶೋಧಕರು ಜಿಪಿಟಿ-3 ಕುರಿತು ಪ್ರಕಟಿಸಿದ ಪ್ರಬಂಧದಿಂದ ಎಲ್ಲರ ಗಮನಕ್ಕೆ ಬಂತು. ಇದಕ್ಕೆ ಮಾದರಿಯನ್ನು ಮತ್ತೆ ತರಬೇತಿಗೊಳಿಸಬೇಕಿಲ್ಲ. ತಿದ್ದಬೇಕಾದ ಪತ್ರದ ಮೇಲ್ಗಡೆ ಪ್ರತಿಸಲವೂ ಈ ಜೋಡಿಗಳನ್ನು ಇಟ್ಟು ಕಳಿಸುತ್ತಾರೆ, ಅಷ್ಟೇ.

ತೊಡಕು ಇರುವುದೂ ಇಲ್ಲಿಯೇ. ಎರಡು ಪಠ್ಯಗಳ ನಡುವೆ ಕಾಣುವ ಯಾವ ವ್ಯತ್ಯಾಸವನ್ನಾದರೂ ಸಾಧನ ಪಾಠ ಎಂದುಕೊಳ್ಳಬಹುದು. ಸಂಪಾದಕರು ಉದ್ದೇಶಿಸಿದ್ದು ಯಾವುದು, ಕಾಕತಾಳೀಯವಾಗಿ ಬಂದದ್ದು ಯಾವುದು ಎಂದು ತಿಳಿಯುವ ದಾರಿ ಅದಕ್ಕಿಲ್ಲ.

ಆರಿಸಿದ ಎಂಟೂ ಜೋಡಿಗಳು ಕಂತು ತಪ್ಪಿದ ನೋಟಿಸುಗಳೇ ಆಗಿದ್ದರೆ ಏನಾಗುತ್ತದೆ? ಸಾಲ ತೀರಿಸಿದ ಗ್ರಾಹಕರಿಗೆ ಬರೆಯುವ ಅಭಿನಂದನೆಯಲ್ಲೂ ವಸೂಲಿಯ ದನಿ ಇಣುಕಬಹುದು. ‘ನಂತರ’ದ ಪಠ್ಯಗಳೆಲ್ಲ ಮೂರೇ ವಾಕ್ಯದವಾಗಿದ್ದರೆ, ಐದು ಷರತ್ತುಗಳಿರುವ ಬಡ್ಡಿದರ ಬದಲಾವಣೆಯ ಪತ್ರವೂ ಮೂರು ವಾಕ್ಯಕ್ಕೆ ಇಳಿಯುತ್ತದೆ, ಎರಡು ಷರತ್ತು ಸದ್ದಿಲ್ಲದೆ ಮಾಯವಾಗುತ್ತವೆ. ಓದಲು ಸೊಗಸಾಗಿರುವುದರಿಂದ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಒಳ್ಳೆಯ ಸಂಪಾದಕರು ಪತ್ರ ತಿದ್ದುವಾಗ ಓದುಗರಿಗೆ ನೆರವಾಗಲೆಂದು ‘ಅನುಮಾನವಿದ್ದರೆ ನಿಮ್ಮ ಶಾಖೆಗೆ ಬೆಳಿಗ್ಗೆ 10ರಿಂದ ಸಂಜೆ 4ರೊಳಗೆ ಬನ್ನಿ’ ಎಂಬ ಸಾಲನ್ನು ಸೇರಿಸಿರುತ್ತಾರೆ. ಮೂಲದಲ್ಲಿ ಆ ಸಮಯ ಇರಲಿಲ್ಲ. ಅವರಿಗೆ ಗೊತ್ತಿತ್ತು, ಬರೆದರು. ಆ ಜೋಡಿ ಸಾಧನಕ್ಕೆ ಕೊಡುವ ಪಾಠವೇ ಬೇರೆ: ಮೂಲದಲ್ಲಿ ಇಲ್ಲದ ವಿವರವನ್ನು ಸೇರಿಸಬಹುದು. ಮುಂದೆ ಅದು ಇದೇ ಸಮಯವನ್ನು ಎಲ್ಲ ಶಾಖೆಗಳ ಪತ್ರಕ್ಕೂ ಅಂಟಿಸಬಹುದು, ಇಲ್ಲವೇ ಹೊಸದೊಂದನ್ನು ಹುಟ್ಟಿಸಬಹುದು. ಆದ್ದರಿಂದ ಪ್ರತಿ ಜೋಡಿಯನ್ನೂ ಹಿಂದುಮುಂದಾಗಿ ಓದಬೇಕು. ‘ನಂತರ’ದಲ್ಲಿರುವ ಪ್ರತಿ ಹೆಸರು, ಮೊತ್ತ, ತಾರೀಖಿನ ಕೆಳಗೆ ಗೆರೆ ಎಳೆದು, ಅದು ‘ಮೊದಲು’ ಭಾಗದಲ್ಲಿ ಇದೆಯೇ ಎಂದು ಹುಡುಕಬೇಕು. ಇಲ್ಲದಿದ್ದರೆ ಆ ಸಾಲನ್ನು ತೆಗೆಯಬೇಕು, ಅಥವಾ ಮೂಲದಲ್ಲೇ ಆ ವಿವರ ಇರುವ ಬೇರೆ ಪತ್ರವನ್ನು ಆರಿಸಬೇಕು.

ಹಾಗಾದರೆ ಆ ಎಂಟು ಯಾವುವು? ನಮ್ಮ ಗೃಹಸಾಲ ಕಂಪನಿಗೆ ಹೊಂದುವ ಒಂದು ಪಟ್ಟಿ ಹೀಗಿರಬಹುದು: ಉದ್ದದಲ್ಲಿ ಬೇರೆಬೇರೆಯಾದ ಎರಡು ಕಂತಿನ ನೋಟಿಸು, ದಾಖಲೆ ಕೇಳುವ ಒಂದು ಪತ್ರ, ಬಡ್ಡಿದರ ಬದಲಾದ ಸುದ್ದಿಯ ಒಂದು ಉದ್ದ ಪತ್ರ, ಸಾಲ ಮುಗಿದ ಸಂತೋಷದ ಪತ್ರ, ಸಿಟ್ಟಾದ ಗ್ರಾಹಕರ ದೂರಿಗೆ ಕೊಟ್ಟ ಉತ್ತರ. ಆರಾಯಿತು. ಉಳಿದೆರಡು ಸಾಮಾನ್ಯವಾಗಿ ಯಾರಿಗೂ ಹೊಳೆಯದಂಥವು.

ಒಂದು, ಏನನ್ನೂ ಬದಲಿಸದ ಜೋಡಿ. ಮೂಲವೇ ಚೆನ್ನಾಗಿದೆ, ‘ನಂತರ’ವೂ ಅಕ್ಷರಶಃ ಅದೇ. ತೋರಿಸಿದ ಜೋಡಿಗಳಲ್ಲೆಲ್ಲ ಬದಲಾವಣೆ ಇದ್ದರೆ, ಬದಲಿಸುವುದೇ ತನ್ನ ಕೆಲಸವೆಂದು ಸಾಧನ ಒಳ್ಳೆಯ ವಾಕ್ಯವನ್ನೂ ಕೆದಕುತ್ತದೆ. ಇನ್ನೊಂದು, ಕಠಿಣ ಪದವನ್ನು ಬೇಕೆಂದೇ ಉಳಿಸಿಕೊಂಡ ಜೋಡಿ. ‘ಜಾಮೀನುದಾರ’, ‘ಅಡಮಾನ’, ‘ಸಹ-ಸಾಲಗಾರ’ ಎಂಬವು ಕಾನೂನಿನ ಅರ್ಥ ಹೊತ್ತ ಪದಗಳು. ಸುತ್ತಲಿನ ವಾಕ್ಯ ಸರಳವಾಗಿ, ಆ ಪದ ಮಾತ್ರ ಹಾಗೇ ನಿಂತದ್ದನ್ನು ತೋರಿಸಿದರೆ, ಸಾಧನ ಸಹ-ಸಾಲಗಾರರನ್ನು ‘ಜೊತೆಗಾರರು’ ಮಾಡುವ ಸಾಧ್ಯತೆ ಕಡಿಮೆಯಾಗುತ್ತದೆ.

ಮೂಲ ಪಠ್ಯಗಳನ್ನು ನಿಜವಾಗಿ ಕಳಿಸಿದ ಪತ್ರಗಳಿಂದಲೇ ತೆಗೆಯಬೇಕು. ಹೆಸರು, ಖಾತೆ ಸಂಖ್ಯೆಗಳನ್ನು ಮಾತ್ರ ಬದಲಿಸಿಕೊಳ್ಳಬೇಕು. ಮಾದರಿಗೆಂದೇ ಕುಳಿತು ಬರೆದ ‘ಕೆಟ್ಟ ಕನ್ನಡ’ ಒಂದೇ ಅಚ್ಚಿನದಾಗಿರುತ್ತದೆ. ನಿಜವಾದ ಪತ್ರಗಳಲ್ಲಿ ಅರ್ಧ ಇಂಗ್ಲಿಷ್ ಇರುತ್ತದೆ, ಬಿಟ್ಟುಹೋದ ಒತ್ತಕ್ಷರ ಇರುತ್ತದೆ, ಎರಡು ವಿಷಯ ಒಂದೇ ವಾಕ್ಯದಲ್ಲಿ ಸಿಕ್ಕಿಕೊಂಡಿರುತ್ತವೆ. ಸಾಧನ ನಾಳೆ ಎದುರಿಸುವುದು ಅಂಥದ್ದನ್ನೇ. ಒಂದೇ ಪತ್ರವನ್ನು ಇಬ್ಬರು ಸಂಪಾದಕರಿಗೆ ಬೇರೆಬೇರೆಯಾಗಿ ಕೊಟ್ಟು ನೋಡುವುದೂ ಒಳ್ಳೆಯದು. ಒಬ್ಬರು ‘ಕಟ್ಟಿ’ ಎಂದು, ಇನ್ನೊಬ್ಬರು ‘ಪಾವತಿಸಿ’ ಎಂದು ಬರೆದರೆ, ಕಂಪನಿಯ ಶೈಲಿ ಇನ್ನೂ ತೀರ್ಮಾನವಾಗಿಲ್ಲ ಎಂದರ್ಥ. ಎರಡನ್ನೂ ಮಾದರಿಯಲ್ಲಿ ಬಿಟ್ಟರೆ ಸಾಧನ ಒಮ್ಮೆ ಹಾಗೆ, ಒಮ್ಮೆ ಹೀಗೆ ಬರೆಯುತ್ತದೆ.

ಜೋಡಿಗಳನ್ನು ಇಡುವ ಕ್ರಮಕ್ಕೂ ಪರಿಣಾಮವಿದೆ. ಕೊನೆಯಲ್ಲಿ ಕಂಡ ಉದಾಹರಣೆಯ ಕಡೆಗೆ ಮಾದರಿಗಳು ವಾಲುತ್ತವೆ ಎಂಬುದನ್ನು 2021ರ ಸಂಶೋಧನೆಯೊಂದು ಪಠ್ಯ ವಿಂಗಡಣೆಯ ಕೆಲಸಗಳಲ್ಲಿ ತೋರಿಸಿತ್ತು. ಹಾಗಾಗಿ ಸಿಟ್ಟಿನ ದೂರಿನಂಥ ವಿಶೇಷ ಪತ್ರವನ್ನು ಕೊನೆಗಿಡದೆ, ದಿನನಿತ್ಯದ ಪತ್ರವೊಂದನ್ನು ಅಲ್ಲಿಡುವುದು ಕ್ಷೇಮ. ಕ್ರಮ ಬದಲಿಸಿದಾಗ ಫಲಿತಾಂಶ ತೀರಾ ಏರುಪೇರಾದರೆ ಆಯ್ಕೆಯೇ ದುರ್ಬಲವಾಗಿದೆ ಎಂದು ತಿಳಿಯಬಹುದು.

ಪರೀಕ್ಷೆಗೆ ಮಾದರಿಯಲ್ಲಿ ಸೇರಿಸದ ಇಪ್ಪತ್ತು ಪತ್ರಗಳನ್ನು ಮೊದಲೇ ಬೇರೆ ಇಟ್ಟಿರಬೇಕು. ಎಂಟು ಜೋಡಿಗಳೊಡನೆ ಅವನ್ನು ತಿದ್ದಿಸಿ, ಬಳಿಕ ಒಂದೊಂದೇ ಜೋಡಿಯನ್ನು ತೆಗೆದು ಮತ್ತೆ ತಿದ್ದಿಸಬೇಕು. ತೆಗೆದರೂ ಏನೂ ಕೆಡದ ಜೋಡಿ ಜಾಗ ತಿನ್ನುತ್ತಿದೆ. ಅದರ ಬದಲು ತಪ್ಪು ಹೆಚ್ಚು ಕಂಡ ಬಗೆಯ ಪತ್ರವನ್ನು ಸೇರಿಸಬಹುದು.

ಎಲ್ಲವನ್ನೂ ಜೋಡಿಗಳ ತಲೆಗೆ ಕಟ್ಟುವಂತಿಲ್ಲ. ಕನ್ನಡ ಲಿಪಿಯ ಒಂದು ಎಸ್ಸೆಮ್ಮೆಸ್‌ನಲ್ಲಿ ಹಿಡಿಸುವುದು 70 ಸಂಕೇತಗಳು, ಇಂಗ್ಲಿಷಿನಲ್ಲಾದರೆ 160. ಒತ್ತಕ್ಷರ, ಕಾಗುಣಿತದ ಚಿಹ್ನೆಗಳೂ ಬೇರೆ ಬೇರೆ ಲೆಕ್ಕಕ್ಕೆ ಬರುತ್ತವೆ. ಚಿಕ್ಕ ಮಾದರಿಗಳನ್ನು ತೋರಿಸಿದರೆ ಸಾಧನ ಚಿಕ್ಕದಾಗಿ ಬರೆಯಲು ಕಲಿಯುತ್ತದೆಯೇ ಹೊರತು, 70ಕ್ಕೆ ಸರಿಯಾಗಿ ನಿಲ್ಲಲು ಕಲಿಯುವುದಿಲ್ಲ. ಆ ಎಣಿಕೆಯನ್ನು ಸಾಮಾನ್ಯ ಪ್ರೋಗ್ರಾಂ ಒಂದಕ್ಕೆ ಬಿಡಬೇಕು.

ಜೋಡಿಗಳು ಹಳತಾಗುವುದೂ ಉಂಟು. ಕಂತು ತಡವಾದಾಗ ದಂಡ ಬಡ್ಡಿ ಹಾಕದೆ, ದಂಡ ಶುಲ್ಕವನ್ನಷ್ಟೇ ವಿಧಿಸಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸಾಲ ಕೊಡುವ ಸಂಸ್ಥೆಗಳಿಗೆ ಸೂಚಿಸಿತು. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್‌ನಿಂದ ಅನ್ವಯವಾಯಿತು. ಅದಕ್ಕೂ ಹಿಂದಿನ ಪತ್ರದಿಂದ ಮಾಡಿದ ಜೋಡಿಯಲ್ಲಿ ‘ದಂಡ ಬಡ್ಡಿ’ ಉಳಿದಿದ್ದರೆ, ಶೈಲಿ ಎಷ್ಟೇ ಚೆನ್ನಾಗಿದ್ದರೂ ಅದನ್ನು ಪಟ್ಟಿಯಿಂದ ತೆಗೆದು, ಹೊಸ ನೋಟಿಸಿನಿಂದ ಮತ್ತೊಂದು ಜೋಡಿ ಮಾಡಿಕೊಳ್ಳಬೇಕಾಗುತ್ತದೆ.