ಎಂಟು ಕೋರ್ ಇದ್ದರೂ ಫೋನ್ ನಿಧಾನವೇಕೆ?

ವಾಸ್ಕೋದ ಅಂಗಡಿಗಳಲ್ಲಿ ನಮ್ಮ ಕನ್ನಡಿಗ ಪಾಲಕರು ‘ಆಕ್ಟಾ-ಕೋರ್’ ಎಂಬ ಪದ ನಂಬಿ ಫೋನ್ ಕೊಳ್ಳುವುದನ್ನು ನಾವು ಕಾಣುತ್ತೇವೆ. ಕೋರ್‌ಗಳು ಎಂಟಿರುವುದು ನಿಜ. ಎಂಥವು ಎಂಬುದೇ ಪ್ರಶ್ನೆ. ಹೀಲಿಯೊ ಜಿ35 ಚಿಪ್ಪಿನ ಎಂಟೂ ಕೋರ್‌ಗಳು ಕಾರ್ಟೆಕ್ಸ್ ಎ53 ಎಂಬ ಮಿತವ್ಯಯಿ ಬಗೆಯವು. ಸ್ನಾಪ್‌ಡ್ರಾಗನ್ 695ರಲ್ಲಿ ಮಿತವ್ಯಯಿ ಕೋರ್‌ಗಳು ಆರು; ಉಳಿದೆರಡು ಬಲಿಷ್ಠ ಎ78 ಆಧಾರಿತ.

ಆ್ಯಪ್ ತೆರೆಯುವಾಗ ಕೆಲಸದ ಬಹುಭಾಗ ಒಂದೇ ಮುಖ್ಯ ಎಳೆಯಲ್ಲಿ ಸಾಗುತ್ತದೆ. ಅದನ್ನು ಎಂಟಕ್ಕೆ ಹಂಚಲಾಗದು. ಜಿ35ರ ಗರಿಷ್ಠ ವೇಗ 2.3 ಗಿಗಾಹರ್ಟ್ಸ್, 695ರದು 2.2. ಆದರೂ ಎ78 ಪ್ರತಿ ಮಿಡಿತದಲ್ಲಿ ಹೆಚ್ಚು ಕೆಲಸ ಮುಗಿಸುವುದರಿಂದ 695ರ ಫೋನೇ ಚುರುಕು. ಹಾಡು ಕೇಳುವಾಗ ಚಿಕ್ಕ ಕೋರ್‌ಗಳೇ ಸಾಕು, ಬ್ಯಾಟರಿಯೂ ಉಳಿಯುತ್ತದೆ. ಹಲವು ದುಬಾರಿ ಫೋನುಗಳಲ್ಲಿ ಇನ್ನೂ ಬಲಿಷ್ಠವಾದ ‘ಪ್ರೈಮ್’ ಕೋರ್ ಇರುತ್ತದೆ. ಬಿಸಿಯೇರಿದೊಡನೆ ಅದರ ವೇಗವನ್ನು ಫೋನೇ ತಗ್ಗಿಸುತ್ತದೆ. ಕೊಳ್ಳುವಾಗ ಕೋರ್‌ಗಳ ಎಣಿಕೆಯನ್ನಲ್ಲ, ಚಿಪ್ಪಿನ ಹೆಸರನ್ನು ಕೇಳಿರಿ.