ಅಲ್ಯುಮಿನಿಯಂ ಪಾಟ್‌ನಲ್ಲಿ ಕಾರ್ಬನ್ ಏಕೆ ಉರಿಯಬೇಕು?

ಒಡಿಶಾದ ಅಂಗುಲ್‌ನಲ್ಲಿ ನಾಲ್ಕೊ ಸಂಸ್ಥೆಯ ದೊಡ್ಡ ಅಲ್ಯುಮಿನಿಯಂ ಕಾರ್ಖಾನೆ ಇದೆ. ಉದ್ದನೆಯ ಶೆಡ್ಡುಗಳಲ್ಲಿ ಸಾಲಾಗಿ ಕೂತಿರುವ ಉಕ್ಕಿನ ತೊಟ್ಟಿಗಳಿಗೆ ಅಲ್ಲಿ ಪಾಟ್ ಎನ್ನುತ್ತಾರೆ. ಒಂದೊಂದು ಪಾಟ್‌ನಲ್ಲೂ ಹಗಲಿರುಳು ಸುಮಾರು 1,80,000 ಆಂಪಿಯರ್ ವಿದ್ಯುತ್ ಹರಿಯುತ್ತದೆ. ವೋಲ್ಟೇಜ್ ಮಾತ್ರ ನಾಲ್ಕಕ್ಕಿಂತ ತುಸು ಹೆಚ್ಚು, ಅಷ್ಟೇ. ಇಷ್ಟು ವಿದ್ಯುತ್ತಿಗೆ ಲೆಕ್ಕ ಹಾಕಿದರೆ, ಒಂದು ಪಾಟ್ ದಿನಕ್ಕೆ ಹೆಚ್ಚುಕಡಿಮೆ 2,600 ಕೆ.ಜಿ. ಅಲ್ಯುಮಿನಾ ಪುಡಿಯನ್ನು ಉಂಡು 1,360 ಕೆ.ಜಿ. ಲೋಹ ಕೊಡುತ್ತದೆ. ಅದರ ಜೊತೆಗೆ 570 ಕೆ.ಜಿ.ಯಷ್ಟು ಕಾರ್ಬನ್ ಉರಿದು ಅನಿಲವಾಗಿ ಹೋಗುತ್ತದೆ. ವಿದ್ಯುತ್ತಿನಿಂದ ತೆಗೆಯುವ ಲೋಹಕ್ಕೆ ಇಷ್ಟೊಂದು ಕಾರ್ಬನ್ ಏಕೆ ಬೇಕು? ಈ ಉದ್ಯಮ ಅರ್ಥವಾಗಬೇಕಾದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನನಗನ್ನಿಸುತ್ತದೆ.

ಪಾಟ್‌ಗೆ ಹಾಕುವುದು ನೆಲದಿಂದ ಅಗೆದ ಬಾಕ್ಸೈಟನ್ನಲ್ಲ. ಅದರಲ್ಲಿ ಕಬ್ಬಿಣ, ಸಿಲಿಕಾನ್ ಇರುತ್ತವೆ, ಮತ್ತು ಅವು ಅಲ್ಯುಮಿನಿಯಂಗಿಂತ ಮೊದಲೇ ಬೇರ್ಪಟ್ಟು ಲೋಹವನ್ನು ಕೆಡಿಸುತ್ತವೆ. ಹಾಗಾಗಿ ಬಾಕ್ಸೈಟನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಶುದ್ಧ ಅಲ್ಯುಮಿನಾ ತೆಗೆದುಕೊಳ್ಳುತ್ತಾರೆ. ನಮ್ಮ ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆ ಮಾಡುವುದು ಈ ಕೆಲಸವನ್ನೇ. ಅಲ್ಯುಮಿನಾ ಎಂದರೆ ಅಲ್ಯುಮಿನಿಯಂ ಮತ್ತು ಆಮ್ಲಜನಕದ ಗಟ್ಟಿ ಬಂಧ. ಕಬ್ಬಿಣದ ಅದಿರಿನಂತೆ ಅದನ್ನು ಕೋಕ್ ಜೊತೆ ಕುಲುಮೆಯಲ್ಲಿ ಸುಟ್ಟರೆ ಈ ಬಂಧ ಬಿಡುವುದಿಲ್ಲ. 2,000 ಡಿಗ್ರಿ ದಾಟಿಸಿದರೂ ಲೋಹದ ಬದಲು ಬಹುಪಾಲು ಅದರ ಕಾರ್ಬೈಡ್ ಸಿಗುತ್ತದೆ. ಅಲ್ಯುಮಿನಿಯಂ ಲವಣವನ್ನು ನೀರಿನಲ್ಲಿ ಕಲಸಿ ವಿದ್ಯುತ್ ಹಾಯಿಸಿದರೆ ನೀರೇ ಒಡೆದು ಜಲಜನಕ ಬರುತ್ತದೆ. ಉಳಿದ ದಾರಿ ಅಲ್ಯುಮಿನಾವನ್ನೇ ಕಾಯಿಸಿ ದ್ರವವಾಗಿಸುವುದು. ಅದು ದ್ರವವಾಗುವುದು 2,050 ಡಿಗ್ರಿ ಆಸುಪಾಸಿನಲ್ಲಿ. ಅಷ್ಟು ಶಾಖದಲ್ಲಿ ವರ್ಷಗಟ್ಟಲೆ ನಡೆಯುವ ಕಾರ್ಖಾನೆ ಕಟ್ಟಲಾಗದು.

1886ರಲ್ಲಿ ಅಮೆರಿಕದ ಚಾರ್ಲ್ಸ್ ಮಾರ್ಟಿನ್ ಹಾಲ್ ಮತ್ತು ಫ್ರಾನ್ಸ್‌ನ ಪಾಲ್ ಎರೂ, ಒಬ್ಬರ ವಿಷಯ ಒಬ್ಬರಿಗೆ ಗೊತ್ತಿಲ್ಲದೆ, ಒಂದೇ ಪರಿಹಾರ ಕಂಡುಹಿಡಿದರು. ಇಬ್ಬರೂ 1863ರಲ್ಲಿ ಹುಟ್ಟಿದವರು. ಅವರಿಗೆ ಸಿಕ್ಕಿದ್ದು ಕ್ರಯೋಲೈಟ್. ಸೋಡಿಯಂ, ಅಲ್ಯುಮಿನಿಯಂ, ಫ್ಲೋರಿನ್ ಸೇರಿದ, ಮಂಜುಗಡ್ಡೆಯಂತೆ ಕಾಣುವ ಈ ಖನಿಜ ಆಗ ಗ್ರೀನ್‌ಲ್ಯಾಂಡಿನ ಇವಿಟ್ಟೂಟ್ ಗಣಿಯಿಂದ ಬರುತ್ತಿತ್ತು. ಅದು ದ್ರವವಾಗುವುದು ಸುಮಾರು 1,010 ಡಿಗ್ರಿಯಲ್ಲಿ. ಬಿಸಿ ನೀರಿನಲ್ಲಿ ಉಪ್ಪು ಕರಗುವಂತೆ ಅದರಲ್ಲಿ ಅಲ್ಯುಮಿನಾ ಕರಗುತ್ತದೆ. ಇನ್ನಷ್ಟು ಫ್ಲೋರೈಡ್ ಬೆರೆಸಿದರೆ 960 ಡಿಗ್ರಿಯಲ್ಲೇ ಕೆಲಸ ನಡೆಯುತ್ತದೆ. ಒಮ್ಮೆಗೆ ಕರಗಿರುವ ಅಲ್ಯುಮಿನಾ ನೂರಕ್ಕೆ ಎರಡರಿಂದ ಐದು ಪಾಲು ಮಾತ್ರ. ಖರ್ಚಾದಂತೆ ಮತ್ತೆ ಹಾಕುತ್ತಲೇ ಇರಬೇಕು. ಕ್ರಯೋಲೈಟ್‌ಗೆ ಇನ್ನೂ ಒಂದು ಗುಣವಿದೆ. ಆ ಶಾಖದಲ್ಲಿ ಅದು ದ್ರವ ಅಲ್ಯುಮಿನಿಯಂಗಿಂತ ಸ್ವಲ್ಪ ಹಗುರ. ಹಾಗಾಗಿ ಹುಟ್ಟಿದ ಲೋಹ ಕೆಳಗಿಳಿದು, ಗಾಳಿ ತಾಕದೆ, ಅದರಡಿ ನಿಲ್ಲುತ್ತದೆ. ಅಲ್ಲಿಂದ ಹೀರಿ ತೆಗೆದರಾಯಿತು. ಇಂದು ಬಳಸುವ ಕ್ರಯೋಲೈಟ್ ಗಣಿಯದಲ್ಲ, ಕಾರ್ಖಾನೆಯಲ್ಲಿ ತಯಾರಾದದ್ದು.

ಏನನ್ನಾದರೂ ಕರಗಿಸಬಲ್ಲ ದ್ರವ ತನ್ನ ಪಾತ್ರೆಯನ್ನು ಬಿಡುತ್ತದೆಯೇ? ಇಟ್ಟಿಗೆ, ಉಕ್ಕು ಯಾವುದೂ ಬಿಸಿ ಕ್ರಯೋಲೈಟ್‌ನ ಎದುರು ಬಹುಕಾಲ ಬಾಳುವುದಿಲ್ಲ. ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ನನಗೆ ತುಂಬಾ ಮೆಚ್ಚುಗೆಯದು. ಪಾಟ್‌ನ ಪಕ್ಕದ ಗೋಡೆಗಳಿಂದ ಬೇಕೆಂದೇ ಶಾಖವನ್ನು ಹೊರಬಿಡುತ್ತಾರೆ. ಅಲ್ಲಿ ಕ್ರಯೋಲೈಟ್ ಹೆಪ್ಪುಗಟ್ಟಿ ಗೋಡೆಗೆ ಅಂಟಿ, ತನ್ನೊಳಗಿನ ಬಿಸಿ ದ್ರವದಿಂದ ತಾನೇ ಗೋಡೆಯನ್ನು ಕಾಯುತ್ತದೆ. ಶಾಖ ಹೆಚ್ಚಾದರೆ ಈ ಪದರ ಕರಗಿ ಗೋಡೆ ತೂತಾಗುವ ಭಯ. ಶಾಖ ಕಡಿಮೆಯಾದರೆ ಪದರ ದಪ್ಪಗಾಗಿ ಪಾಟ್ ಕಿರಿದಾಗುತ್ತದೆ. ಮೂರು ನಾಲ್ಕು ತಾಸು ವಿದ್ಯುತ್ ಕೈಕೊಟ್ಟರಂತೂ ಒಳಗಿರುವುದೆಲ್ಲ ಗಟ್ಟಿಯಾಗತೊಡಗುತ್ತದೆ. ಮತ್ತೆ ಚಾಲೂ ಮಾಡುವುದೆಂದರೆ ಒಡೆದು ತೆಗೆಯುವ ಭಾರಿ ಕೆಲಸ. ಅದಕ್ಕೇ ನಾಲ್ಕೊ ತನ್ನದೇ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಅಂಗುಲ್‌ನಲ್ಲೇ ಇಟ್ಟುಕೊಂಡಿದೆ.

ಈಗ ಕಾರ್ಬನ್‌ಗೆ ಬರೋಣ. ಪಾಟ್‌ನ ತಳವೂ ಕಾರ್ಬನ್ನೇ. ಅದು ಕ್ಯಾಥೋಡ್, ಲೋಹ ಬಂದು ನಿಲ್ಲುವುದು ಅದರ ಮೇಲೆ. ಮೇಲಿನಿಂದ ದ್ರವದೊಳಕ್ಕೆ ಇಳಿಬಿಟ್ಟ ದಪ್ಪ ದಿಮ್ಮಿಗಳು ಆನೋಡ್. ಪೆಟ್ರೋಲಿಯಂ ಕೋಕ್‌ಗೆ ಕಲ್ಲಿದ್ದಲು ಡಾಂಬರಿನ ಅಂಟು ಬೆರೆಸಿ, ಅಚ್ಚು ಹಾಕಿ, 1,100 ಡಿಗ್ರಿ ಮೀರಿದ ಶಾಖದಲ್ಲಿ ಸುಟ್ಟು ಇವನ್ನು ಮಾಡುತ್ತಾರೆ. ಅಲ್ಯುಮಿನಾದಿಂದ ಬಿಡಿಸಿಕೊಂಡ ಆಮ್ಲಜನಕ ಈ ದಿಮ್ಮಿಯನ್ನು ತಲುಪಿ, ಅದರ ಕಾರ್ಬನ್ ಸೇರಿ, ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ:

2Al₂O₃ + 3C → 4Al + 3CO₂

ಆನೋಡ್ ಸವೆಯುವುದು ಈ ವಿಧಾನದ ದೋಷವೆಂದು ಕಂಡೀತು. ಆದರೆ ಅದು ಉರಿಯುವುದರಿಂದಲೇ ವಿದ್ಯುತ್ ಉಳಿಯುತ್ತದೆ. ಕಾರ್ಬನ್‌ನ ನೆರವಿಲ್ಲದೆ, ಆಮ್ಲಜನಕ ಹಾಗೇ ಗುಳ್ಳೆಯಾಗಿ ಹೋಗುವಂತೆ ಅಲ್ಯುಮಿನಾ ಒಡೆಯಲು ಕನಿಷ್ಠ 2.2 ವೋಲ್ಟ್ ಬೇಕು. ಕಾರ್ಬನ್ ಜೊತೆಗೂಡಿದರೆ 1.2 ವೋಲ್ಟ್ ಸಾಕು. ಉಳಿದ ಸುಮಾರು ಮೂರು ವೋಲ್ಟ್ ಬಹುಮಟ್ಟಿಗೆ ಆನೋಡ್ ಮತ್ತು ಲೋಹದ ನಡುವಿನ ನಾಲ್ಕೈದು ಸೆಂಟಿಮೀಟರ್ ದ್ರವವನ್ನು ಮತ್ತು ಪಾಟ್‌ನ ಇತರ ಭಾಗಗಳನ್ನು ದಾಟಲು ಖರ್ಚಾಗುತ್ತದೆ. ಪಾಟ್ ಬಿಸಿಯಾಗಿರುವುದು ಆ ಖರ್ಚಿನಿಂದಲೇ. ದಿಮ್ಮಿ ಸವೆದಂತೆ ಅಂತರ ಹೆಚ್ಚಾಗದ ಹಾಗೆ ಅದನ್ನು ಕೆಳಗಿಳಿಸುತ್ತಾ ಬರುತ್ತಾರೆ. ಮೂರು ನಾಲ್ಕು ವಾರಕ್ಕೆ ಉಳಿದ ಮೋಟನ್ನು ತೆಗೆದು ಹೊಸದನ್ನು ಇಡುತ್ತಾರೆ. ಆ ಮೋಟು ಪುಡಿಯಾಗಿ ಮತ್ತೆ ಹೊಸ ದಿಮ್ಮಿಯೊಳಗೆ ಸೇರುತ್ತದೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಅಲ್ಯುಮಿನಾ ಹಾಕುವುದರಲ್ಲಿ. ಜಾಸ್ತಿ ಹಾಕಿದರೆ ಕರಗದೆ ತಳ ಸೇರಿ ಕೆಸರಾಗುತ್ತದೆ. ಕಡಿಮೆಯಾದರೆ ಇನ್ನೂ ಕೆಟ್ಟದ್ದು. ಕರಗಿದ ಅಲ್ಯುಮಿನಾ ಶೇಕಡಾ ಎರಡರ ಕೆಳಗೆ ಹೋದಾಗ ಒಡೆಯಲು ಆಮ್ಲಜನಕ ಸಾಲದೆ, ಕ್ರಯೋಲೈಟ್‌ನ ಫ್ಲೋರಿನ್ನೇ ಕಾರ್ಬನ್‌ಗೆ ಅಂಟಿಕೊಳ್ಳುತ್ತದೆ. ಆನೋಡ್‌ನ ಅಡಿಯಲ್ಲಿ ಅನಿಲದ ಪೊರೆ ಕಟ್ಟಿ, ನಾಲ್ಕು ವೋಲ್ಟ್ ಇದ್ದದ್ದು ಥಟ್ಟನೆ ಮೂವತ್ತು ದಾಟುತ್ತದೆ. ಇದನ್ನು ಆನೋಡ್ ಎಫೆಕ್ಟ್ ಎನ್ನುತ್ತಾರೆ. ಹಿಂದೆ ಪಾಟ್‌ಗೆ ಒಂದು ಬಲ್ಬ್ ಜೋಡಿಸಿಡುತ್ತಿದ್ದರು. ಅದು ಉಜ್ವಲವಾಗಿ ಹೊತ್ತಿಕೊಂಡರೆ ಕೆಲಸಗಾರರು ಹಸಿ ಮರದ ಗಳುವನ್ನು ದ್ರವದೊಳಗೆ ತೂರುತ್ತಿದ್ದರು. ಮರದಿಂದ ಬುಗ್ಗೆಯೆದ್ದ ಅನಿಲ ಆ ಪೊರೆಯನ್ನು ಕದಡುತ್ತಿತ್ತು. ಈಗ ಕಂಪ್ಯೂಟರ್ ವೋಲ್ಟೇಜ್‌ನ ಏರಿಕೆ ನೋಡಿ ಮೊದಲೇ ಊಹಿಸಿ, ಮೇಲಿನ ಗಟ್ಟಿ ಪದರ ಒಡೆದು, ಕಿಲೋ ಲೆಕ್ಕದಲ್ಲಿ ಅಲ್ಯುಮಿನಾ ಉದುರಿಸುತ್ತದೆ. ಇಷ್ಟು ಜಾಗ್ರತೆಗೆ ಕಾರಣವಿದೆ. ಆ ಗಳಿಗೆಯಲ್ಲಿ ಹುಟ್ಟುವ ಕಾರ್ಬನ್ ಟೆಟ್ರಾಫ್ಲೋರೈಡ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರಾರು ಪಟ್ಟು ಬಲಶಾಲಿ, ಮತ್ತು ವಾತಾವರಣದಲ್ಲಿ ಹತ್ತಾರು ಸಾವಿರ ವರ್ಷ ಉಳಿಯುತ್ತದೆ.

ಹಾಗಾದರೆ ಉರಿಯದ ಆನೋಡ್ ಮಾಡಬಾರದೇ? ಕೆನಡಾದ ಕ್ವಿಬೆಕ್‌ನಲ್ಲಿ ಅಲ್ಕೋವಾ ಮತ್ತು ರಿಯೊ ಟಿಂಟೊ ಕಂಪನಿಗಳು 2018ರಿಂದ ಎಲಿಸಿಸ್ ಹೆಸರಿನಲ್ಲಿ ಜೊತೆಯಾಗಿ ಇದರಲ್ಲಿ ತೊಡಗಿವೆ. ಅಲ್ಲಿ ಹೊರಬರುವುದು ಆಮ್ಲಜನಕ. ಆದರೆ ಕಾರ್ಬನ್ ಉಳಿಸಿಕೊಟ್ಟಿದ್ದ ಆ ಒಂದು ವೋಲ್ಟ್ ಮತ್ತೆ ತಲೆಯ ಮೇಲೆ ಬರುತ್ತದೆ. ನಮ್ಮ ಅಂಗುಲ್ ಗಾತ್ರದ ಪಾಟ್‌ಗೆ ಲೆಕ್ಕ ಹಾಕಿ ನೋಡಿ. ಈಗ ಕೆ.ಜಿ. ಲೋಹಕ್ಕೆ ಹದಿಮೂರೂವರೆ ಯೂನಿಟ್ ಹತ್ತಿರ ವಿದ್ಯುತ್ ಬೇಕು. ಒಂದು ವೋಲ್ಟ್ ಏರಿದರೆ ಮೂರು ಯೂನಿಟ್ ಹೆಚ್ಚಾಗುತ್ತದೆ. ಕಲ್ಲಿದ್ದಲಿನ ವಿದ್ಯುತ್ತಾದರೆ ಯೂನಿಟ್ಟಿಗೆ ಸುಮಾರು ಒಂದು ಕೆ.ಜಿ. ಕಾರ್ಬನ್ ಡೈಆಕ್ಸೈಡ್, ಅಂದರೆ ಮೂರು ಕೆ.ಜಿ. ಹೊಸದಾಗಿ ಸೇರಿತು. ಆನೋಡ್ ಉರಿಯದೆ ತಪ್ಪಿದ್ದು ಒಂದೂವರೆ ಕೆ.ಜಿ. ಮಾತ್ರ. ಪಾಟ್‌ನ ಬೇರೆ ಕಡೆ ವೋಲ್ಟೇಜ್ ಉಳಿಸದಿದ್ದರೆ ಇದು ನಷ್ಟದ ಬಾಬತ್ತು. ಜಲವಿದ್ಯುತ್ ಹೇರಳವಾಗಿರುವ ಕ್ವಿಬೆಕ್‌ಗೆ ಉರಿಯದ ಆನೋಡ್ ಒಪ್ಪುತ್ತದೆ. ಕಲ್ಲಿದ್ದಲು ನೆಚ್ಚಿರುವ ಅಂಗುಲ್‌ನಲ್ಲಿ ಮೊದಲು ಬದಲಾಗಬೇಕಾದದ್ದು ವಿದ್ಯುತ್ ಸ್ಥಾವರ, ಆನೋಡ್ ಆಮೇಲೆ.